ಬಾಯಿ ಬಿಡದ ಹೆಂಗಸು

ಮೈದುನ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದ. ಹೊರಗೆ ಮೆಟ್ಟಿಲ ಮೇಲಿದ್ದವನು ವಿಮರ್ಶಕ; ಅಣ್ಣ ಬರೆದ ಒಂದೇ ಒಂದು ಕಾದಂಬರಿಯನ್ನು ವಾರಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಜಾಡಿಸಿದ್ದವನು. ಮಾನ ಕಳೆದದ್ದು ಸಾಲದೆ ಹೆಣ ನೋಡೋಕೂ ಬಂದನಾ ಎಂದು ಮೈದುನ ಹಲ್ಲು ಕಡಿದ.

"ಒಳಗೆ ಬಿಡಪ್ಪ," ಅಂದಳು ಗಂಡನ ತಲೆಯ ಬಳಿ ಕೂತಿದ್ದ ಅತ್ತಿಗೆ. "ನಿಮ್ಮಣ್ಣ ಇದ್ದಿದ್ರೆ ಕುರ್ಚಿ ಹಾಕಿ ಕೂರಿಸ್ತಿದ್ರು."

*

ವಿಮರ್ಶೆ ಬಂದ ದಿನ ಅವರು ಊಟ ಮುಟ್ಟಿರಲಿಲ್ಲ. ಕಾದಂಬರಿಯ ನಾಯಕ ಹೆಂಡತಿಗೆ ಕೆಲಸ ಬಿಡು ಅನ್ನುತ್ತಾನೆ. ಅವಳು ಸುಮ್ಮನೆ ನಗುತ್ತಾಳೆ. 'ಇಂಥ ಗಳಿಗೆಯಲ್ಲೂ ಬಾಯಿ ಬಿಡದ ಇವಳು ಹೆಂಗಸಲ್ಲ, ಮನೆಯ ಸಾಮಾನು' ಎಂದಿತ್ತು ವಿಮರ್ಶೆ. ಇವರು ಬರೆದ ಉತ್ತರ ಪುಟಗಟ್ಟಲೆ, ಅದರ ತುಂಬ ಬರೀ ಬೆಂಕಿ. ಅದನ್ನು ಒಂದು ವಾರ ಡ್ರಾಯರಿನಲ್ಲಿಟ್ಟು ತೆಗೆದು ಓದಿದಾಗ ಅವರಿಗೇ ನಾಚಿಕೆಯಾಯಿತು. ವಿಮರ್ಶಕನ ಮೇಲಿನ ಕೊಂಕು ಹೊಡೆದುಹಾಕಿದರು. ತಾವು ಪಟ್ಟ ಪಾಡಿನ ಪುರಾಣವನ್ನೂ, ಕೊನೆಗೆ 'ನೋವಾಯಿತು' ಅನ್ನೋದನ್ನೂ ಹೊಡೆದುಹಾಕಿದರು. ನಾವೂ ನಿಮ್ಮ ಪರ ಬರೀತೀವಿ ಅಂದ ಗೆಳೆಯರಿಗೆ ಕೈಮುಗಿದು ಬೇಡವೆಂದರು. ಅಚ್ಚಾದದ್ದು ಇಷ್ಟೇ:

'ಗಮನವಿಟ್ಟು ಓದಿದ್ದಕ್ಕೆ ಕೃತಜ್ಞತೆ. ನಾಯಕಿ ಶಾಲೆಯಲ್ಲಿ ಕಲಿಸುವವಳಲ್ಲ, ಟೆಲಿಫೋನ್ ಆಪರೇಟರ್. ವಿಮರ್ಶೆಯಲ್ಲಿ ತಿದ್ದಬೇಕಾದದ್ದು ಇದೊಂದೇ. ಭಾಷೆ ಪೇಲವವೋ ಅಲ್ಲವೋ ಓದುಗರು ಹೇಳಲಿ. ಅವಳ ಬಾಯಿ ಮುಚ್ಚಿಸಿದ್ದೇನೆ ಎಂಬ ಮಾತು ನಿಜ. ಅವಳು ಏನನ್ನುತ್ತಿದ್ದಳೋ ನನಗೆ ಗೊತ್ತಿಲ್ಲ.'

ಮದುವೆಯ ಹೊಸತರಲ್ಲೇ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಬಿಟ್ಟಿದ್ದ ಹೆಂಡತಿ ಅದನ್ನು ಓದಿ ಪತ್ರಿಕೆ ಮಡಿಸಿಟ್ಟಳು. ಅವತ್ತಿಂದ ಶುರುವಾಯಿತು ನೋಡಿ. ಮರುಮುದ್ರಣಕ್ಕೆ ಆ ಪುಟ ತಿದ್ದಬೇಕು, ನೀನು ಅವತ್ತು ಏನಂತಿದ್ದೆ ಹೇಳೇ ಎಂದು ಕೇಳಿದ್ದೇ ಕೇಳಿದ್ದು: ಅಡುಗೆಮನೆ ಬಾಗಿಲಲ್ಲಿ, ಬಟ್ಟೆ ಒಣಹಾಕುವಲ್ಲಿ, ಕಡೆಗೆ ಆಸ್ಪತ್ರೆಯ ಮಂಚದ ಮೇಲೆ. ಈಗ್ಯಾಕೆ ಬಿಡ್ರಿ ಎಂದು ಅವಳು ಜಾರಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಬಿಟ್ಟು, ಅದೂ ಹೊರಗಿನವನೊಬ್ಬ ಹೇಳಿದ ಮೇಲೆ ಕೇಳಿದರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಸ್ವಲ್ಪ ಕಾಯಲಿ ಅನ್ನುವ ಹಟ. ಕಾಯೋಕೆ ಅವರಿಗೆ ಆಯುಸ್ಸಿರಲಿಲ್ಲ.

ಇವತ್ತು ಬೆಳಗ್ಗೆ ಅವರ ಕೊನೆಯ ಸ್ನಾನಕ್ಕೆ ನೀರು ಕಾಯಿಸುವಾಗಲೂ ಬೆನ್ನ ಹಿಂದೆ ಅದೇ ದನಿ, ಏನಂತಿದ್ದೆ, ಹೇಳೇ. ತಿರುಗಿ ನೋಡಿದ್ದಳು.

*

ವಿಮರ್ಶಕ ಒಳಗೆ ಬಂದು ಅವಳ ಪಕ್ಕ ಕೂತ. ಜಗಳಕ್ಕೆ ಬರುತ್ತಾರೆಂದು ಕಾದಿದ್ದೆ, ಆ ಉತ್ತರ ಓದಿದ ಮೇಲೆ ಮನಸ್ಸಿಗೆ ನೆಮ್ಮದಿಯೇ ಇಲ್ಲ ಎಂದು ತೊದಲಿದ.

"ಮರುಮುದ್ರಣ ಆಗುತ್ತೆ ಅಂತ ಕೇಳಿದ್ದೆ. ಆ ಪುಟ ತಿದ್ದಿದ್ರಾ ಅಮ್ಮ?"

"ಅವಳ ಮಾತಿಗೆ ಜಾಗ ಬಿಟ್ಟಿದ್ದಾರೆ," ಅಂದಳು.

ಹೊರಗೆ ಗಾಡಿ ಬಂತು. ಹೊತ್ತಾಯಿತು ಅತ್ತಿಗೆ ಎಂದ ಮೈದುನ. ಹೊರುವವರು ಬಗ್ಗಿದರು. ಒಂದು ನಿಮಿಷ ಎಂದು ಅವಳು ಕೈ ಅಡ್ಡ ಹಿಡಿದಳು. ಗಂಡನ ಕಿವಿಗೆ ತುರುಕಿದ್ದ ಹತ್ತಿಯನ್ನು ಮೆಲ್ಲಗೆ ಎಳೆದು ತೆಗೆದು, ತುಟಿ ತಾಗುವಷ್ಟು ಬಗ್ಗಿದಳು.

"ಬಿಡಲ್ಲ ಅಂತಿದ್ದೆ ಕಣ್ರೀ. ಕೆಲಸ ಬಿಡಲ್ಲ ಅಂತಿದ್ದೆ."

ಅವರನ್ನು ಎತ್ತಿದರು. ಹತ್ತಿ ಅವಳ ಮುಷ್ಟಿಯಲ್ಲೇ ಉಳಿಯಿತು.