ಚುಕ್ಕೆಗಳ ಹಿಂದಿನ ಪಾಸ್‌ವರ್ಡು

ನಾಲ್ಕಕ್ಕೆ ಇನ್ನು ಹನ್ನೆರಡು ನಿಮಿಷ. ಸರಿಯಾಗಿ ನಾಲ್ಕಕ್ಕೆ ಗಂಡನ ಜೊತೆ ಐದೇ ಐದು ನಿಮಿಷ ವಿಡಿಯೋ ಕಾಲ್, ವಾರ್ಡಿಗೆ ಯಾರನ್ನೂ ಬಿಡಲ್ಲ, ಲಿಂಕ್ ಮೇಲ್‌ಗೆ ಕಳಿಸಿದೀವಿ, ಆಮೇಲೆ ಗಂಟಲಿಗೆ ನಳಿಕೆ ಇಳಿಸ್ತೀವಿ, ಮಾತಾಡೋಕೆ ಆಗಲ್ಲ ಎಂದು ಆಸ್ಪತ್ರೆಯ ನರ್ಸ್ ಮಾವನ ಗುಂಡಿ ಫೋನಿಗೆ ಕರೆ ಮಾಡಿ ಹೇಳಿದ್ದರು. ಮತ್ತೆಂದಾದರೂ ಮಾತಾಡುತ್ತಾನೋ ಇಲ್ಲವೋ, ಅದನ್ನು ಅವರು ಹೇಳಲಿಲ್ಲ, ಸೊಸೆ ಕೇಳಲೂ ಇಲ್ಲ.

ಅವಳ ಫೋನು ಗಂಡನನ್ನು ಹತ್ತಿಸುವ ಗಡಿಬಿಡಿಯಲ್ಲಿ ಆಂಬುಲೆನ್ಸಿನಲ್ಲೇ ಉಳಿದಿತ್ತು. ಮನೆಯಲ್ಲಿದ್ದ ಲ್ಯಾಪ್‌ಟಾಪಿಗೆ ವೈಫೈ ಇತ್ತು, ಆದರೆ ಕ್ಯಾಮೆರಾ, ಮೈಕು ಎರಡೂ ಕೆಟ್ಟು ವರ್ಷವಾಗಿತ್ತು. ಟ್ಯಾಬಿಗೆ ಎರಡೂ ಇದ್ದವು, ವೈಫೈ ಜೋಡಿಸಿರಲಿಲ್ಲ. ಪಾಸ್‌ವರ್ಡು ಗೊತ್ತಿದ್ದವನು ಒಬ್ಬನೇ, ಅವನೀಗ ಮಾಸ್ಕಿನ ಹಿಂದೆ ಉಸಿರಿಗಾಗಿ ಒದ್ದಾಡುತ್ತಿದ್ದ.

ಲ್ಯಾಪ್‌ಟಾಪಿಗಂತೂ ಅದು ಗೊತ್ತಿರಲೇಬೇಕಲ್ಲ, ಇಲ್ಲದಿದ್ದರೆ ನೆಟ್ ಎಲ್ಲಿಂದ ಬರುತ್ತದೆ? ಅವಳು ನೆಟ್ಟಿನಲ್ಲೇ ದಾರಿ ಹುಡುಕಿದಳು. ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್, ಅಲ್ಲಿ ಮನೆಯ ವೈಫೈ ಹೆಸರು, ವೈರ್‌ಲೆಸ್ ಪ್ರಾಪರ್ಟೀಸ್, ಸೆಕ್ಯೂರಿಟಿ. ಪಾಸ್‌ವರ್ಡು ಅಲ್ಲೇ ಕರಿ ಚುಕ್ಕೆಗಳಾಗಿ ಕೂತಿತ್ತು. ಕೆಳಗಿನ 'ಶೋ ಕ್ಯಾರೆಕ್ಟರ್ಸ್' ಚೌಕ ಒತ್ತಿದ್ದೇ ತಡ, ಯಂತ್ರ ಅಡ್ಮಿನ್ ಪಿನ್ ಕೇಳಿತು. ಲ್ಯಾಪ್‌ಟಾಪ್ ಮೂಲತಃ ಮಾವನದು. ಅಡ್ಮಿನ್ ಅವರೇ.

ಮಾವ ಪಕ್ಕದ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ಅಪ್ಪ ಮಗ ಒಂದೇ ಸೂರಿನಡಿ ಮಾತು ಬಿಟ್ಟು ಎರಡು ವರ್ಷ. "ಅವನಿಗೆ ಹೇಳು", "ಅವರಿಗೆ ಹೇಳು" ಎಂಬ ಎರಡು ವಾಕ್ಯಗಳ ನಡುವೆ ಸೊಸೆ ಓಡಾಡಿ ಸವೆದಿದ್ದಳು.

"ಮಾವ, ನಿಮ್ಮ ಪಿನ್ ಬೇಕು. ಅವರ ಮುಖ ನೋಡ್ಬೇಕು."

ಮುದುಕರು ಎದ್ದು ಬಂದರು. "ಆ ಕಡೆ ತಿರುಗು," ಎಂದರು. ಇಂಥ ಹೊತ್ತಲ್ಲೂ ಪಿನ್ ಮುಚ್ಚಿಡುವ ಬಿಗುಮಾನ. ಸಿಟ್ಟು ನುಂಗಿಕೊಂಡು ಅವಳು ತಿರುಗಿದಳು. ಮೊದಲ ಸಲ ತಪ್ಪಾಯಿತು, ಎರಡನೇ ಸಲವೂ. ಮೂರನೇ ಸಲಕ್ಕೆ ಚುಕ್ಕೆಗಳು ಕರಗಿ ಅಕ್ಷರಗಳಾದವು.

ಮಾವ ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಪರದೆಗೆ ಬೆರಳಿಟ್ಟು ಒಂದೊಂದೇ ಓದಿದರು. "ದೊಡ್ಡ ಕೆ. ಚಿಕ್ಕ ಟಿ. ಸೊನ್ನೆ. ನಿಧಾನ ಒತ್ತಮ್ಮ." ಅವಳು ಒತ್ತಿದಳು. ಟ್ಯಾಬ್ ಕನೆಕ್ಟ್ ಆಯಿತು. ಮೂರು ಐವತ್ತೊಂಬತ್ತು. ಮೇಲ್ ತೆರೆದು ಆಸ್ಪತ್ರೆಯ ಲಿಂಕ್ ಒತ್ತಿದಳು.

ಮಾವ ಆಗಲೇ ಬಾಗಿಲ ಕಡೆ ತಿರುಗಿದ್ದರು.

"ಕೂತ್ಕೊಳ್ಳಿ. ಇವತ್ತು ನಾನು ಯಾರಿಗೂ ಏನೂ ಹೇಳಲ್ಲ. ನೀವೇ ಹೇಳಿ."

ಪರದೆಯಲ್ಲಿ ಗಂಡನ ಮುಖ ಬಂತು, ಅರ್ಧ ಮಾಸ್ಕು, ಉಳಿದರ್ಧ ಕಣ್ಣು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು, ಆದರೂ ಟ್ಯಾಬನ್ನು ಮಾವನ ಕೈಗಿಟ್ಟಳು. ಮುದುಕರು ಅದನ್ನು ಕಣ್ಣಿನ ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಒಂದು ನಿಮಿಷ ಹಾಗೇ ಹೋಯಿತು. ಅವಳ ಐದರಲ್ಲಿ ಒಂದು.

"ಊಟ ಆಯ್ತೇನೋ?" ಎಂದರು ಕಡೆಗೆ.

ಮೂಗಿಗೆ, ಕೈಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದ ಮಗ ಮಾಸ್ಕನ್ನು ಸ್ವಲ್ಪ ಎತ್ತಿದ.

"ಆಯ್ತಪ್ಪ," ಎಂದ. "ನಿಂದು?"