ಮುಖಪುಟದ ಕಿಟಕಿ

"ಒಂದು ಕಾಮೆಂಟನ್ನೂ ಬಿಡಬೇಡಿ, ಎಲ್ಲದಕ್ಕೂ ಉತ್ತರ ಕೊಡಿ. ಆಗಲೇ ಪೋಸ್ಟು ನಾಲ್ಕು ಜನಕ್ಕೆ ತಲುಪೋದು," ಎಂದಿದ್ದರು ಪ್ರಕಾಶಕರು. ಮೊದಲ ಕಾದಂಬರಿ, ನಾನೂ ಹೂಂ ಅಂದಿದ್ದೆ.

ಗಂಡನ ಹೊಡೆತ ತಾಳಲಾರದೆ ಓಡಿಬಂದು, ಯಾರಿಗೂ ವಿಳಾಸ ಕೊಡದೆ ಬದುಕುತ್ತಿರುವ ನನ್ನಕ್ಕನ ಕತೆ ಅದು. ಬರಿ ಎಂದವಳು ಅವಳೇ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೆ. ಮುಖಪುಟಕ್ಕೆ ಮಾತ್ರ ಅವಳ ಕೋಣೆಯ ಕಿಟಕಿಯ ಫೋಟೋ ಕೊಟ್ಟೆ. ಕಿಟಕಿಯಿಂದ ಯಾರಿಗೇನು ಗೊತ್ತಾಗುತ್ತದೆ ಎಂಬ ಧೈರ್ಯ.

ಮುಖಪುಟ ಹಾಕಿದ ದಿನ ಓದುಗರೊಬ್ಬರು ಕೇಳಿದರು: "ಮೇಡಂ, ದೂರದಲ್ಲಿ ಕಾಣೋದು ರೈಲ್ವೆ ಸೇತುವೆನಾ?"

ಉಬ್ಬಿಹೋಗಿ ಬರೆದೆ: "ಹೌದು, ಹಳೇ ಸೇತುವೆ."

ಕಾದಂಬರಿಯ ಆಯ್ದ ಭಾಗ ಹಾಕಿದಾಗ ಮತ್ತೆ ಅವರೇ: "ಕೆಳಗಡೆ ಬೇಕರಿ ಇರೋದು ನಿಜಾನಾ, ಕಲ್ಪನೆನಾ?"

"ನಿಜ. ಬೆಳಗಾದರೆ ಕೋಣೆ ತುಂಬಾ ಬ್ರೆಡ್ಡಿನ ವಾಸನೆ," ಎಂದು ಬರೆದು, ಪಕ್ಕದಲ್ಲೊಂದು ನಗುಮುಖ ಅಂಟಿಸಿದೆ.

ಇವತ್ತು ಓದುಗರೊಂದಿಗೆ ಲೈವ್ ಮಾತುಕತೆ. ನಡುವೆ ಅದೇ ಹೆಸರಿನಿಂದ ಪ್ರಶ್ನೆ ಬಂತು: "ನಿಮ್ಮಕ್ಕ ಈಗಲೂ ಎಡಗೈಲೇ ಬಾಗಿಲು ತೆಗೀತಾರಾ?"

ಎಡಗೈ ಎಂದು ನಾನು ಎಲ್ಲೂ ಬರೆದಿರಲಿಲ್ಲ. ಅದು ಅಕ್ಕನ ಕತೆ ಅಂತಲೂ ಯಾರಿಗೂ ಹೇಳಿರಲಿಲ್ಲ.

ಲೈವ್ ಅರ್ಧಕ್ಕೇ ನಿಲ್ಲಿಸಿ, ಅಕ್ಕನಿಗೆ ಫೋನ್ ಮಾಡಿದೆ.

"ಆಮೇಲೆ ಮಾತಾಡ್ತೀನಿ ಕಣೇ," ಎಂದಳು. ದನಿ ತುಂಬಾ ಹೆಮ್ಮೆ. "ಬೇಕರಿಯವರು ಕೂಗಿದ್ರು. ನಿನ್ನ ಓದುಗರು ಯಾರೋ ಬಂದಿದಾರಂತೆ, ಕಿಟಕಿ ನೋಡ್ಬೇಕಂತೆ. ನಿನ್ನ ಹೆಸರು ಹೇಳಿದ್ರಲ್ಲ, ಮೇಲೆ ಕಳಿಸಿ ಅಂದೆ."