ಐನೂರು ಅಕ್ಷರದ ಹಾಸು

ನಮ್ಮೆಲ್ಲರ ಹಿರಿಯಮ್ಮ ಬುರುಲ್ಚಾ ಅಪಾಳ ಉಣ್ಣೆ ಹಾಸು ಬೆಟ್ಟದೂರು ನಾರಿನ್‌ನ ನಮ್ಮ ಹೆಂಗಸರ ಸಂಘಕ್ಕೆ ವಾಪಸ್ ಬಂದಿತ್ತು. ಕೊಂಡವರು ‘ದೋಷವಿದೆ, ಅರ್ಧದಲ್ಲಿ ಹೊಲಿಗೆ ಒರಟು’ ಎಂದು ಬರೆದಿದ್ದರು. ತಪ್ಪು ನನ್ನದೇ. ಮಾರುವ ಜಾಲತಾಣಕ್ಕೆ ವಿವರ ಬರೆಯುವವಳು ನಾನು.

ಆ ತಾಣದಲ್ಲಿ ವಿವರಕ್ಕೆ ಐನೂರು ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ. ಅಪಾ ಹೇಳಿ ಬರೆಸಿದ್ದು ಎರಡು ಸಾವಿರದ ಹತ್ತಿರ. ನಮ್ಮಲ್ಲಿ ಯಾರನ್ನು ಪರಿಚಯಿಸಿದರೂ ಏಳು ತಲೆಮಾರಿನಿಂದಲೇ ಶುರು, ಹಾಸಿಗೂ ಹಾಗೆಯೇ. ದಣಿದಿದ್ದ ನಾನು ಎಲ್ಲವನ್ನೂ ಹಾಗೇ ಅಂಟಿಸಿದ್ದೆ. ಐನೂರು ಮೀರಿದ್ದನ್ನು ತಾಣ ಸದ್ದಿಲ್ಲದೆ ಕತ್ತರಿಸಿತು. ಮುತ್ತಜ್ಜಂದಿರು ಉಳಿದರು, ಅಳತೆಯೂ ಹೊಲಿಗೆಯ ಮಾತೂ ಹೋದವು.

“ಅನಾರಾ, ದೋಷ ಅಂದ್ರಾ ಅವ್ರು?” ಅಪಾ ಮತ್ತೆ ಕೇಳಿದಳು. “ನನ್ನ ಅಕ್ಕನ ಕೈಯನ್ನ ದೋಷ ಅಂದ್ರಾ?”

ಮೊದಲರ್ಧ ಹೊಲಿದವಳು ಅಕ್ಕ ತಜಿಕಾನ್. ಕೊನೆಯ ಚಳಿಗಾಲದಲ್ಲಿ ಅವಳ ಬೆರಳು ನಡುಗುತ್ತಿತ್ತು. ಅವಳು ತೀರಿಕೊಂಡ ಮೇಲೆ ಉಳಿದದ್ದನ್ನು ಅಪಾ ಮುಗಿಸಿದಳು. ಅಕ್ಕನ ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ. ಇನ್ನೊಮ್ಮೆ ವಾಪಸ್ ಬಂದರೆ ತಾಣ ಆ ಹಾಸನ್ನು ಪಟ್ಟಿಯಿಂದಲೇ ತೆಗೆಯುತ್ತದೆ.

“ಈ ಸಲ ಕೊಳ್ಳೋರಿಗೆ ಬೇಕಾದ್ದು ಮೊದಲು, ಅಪಾ,” ಎಂದೆ. ಅಳತೆ, ಕುರಿಯ ಉಣ್ಣೆ, ಆಮೇಲೆ ಅಕ್ಕತಂಗಿ ಇಬ್ಬರು ಹೊಲಿದ ಸಂಗತಿ, ಅವರ ಹೆಸರು, ಅದಕ್ಕೇ ಹೊಲಿಗೆ ಬೇರೆ ಬೇರೆ ಎಂಬುದು. ಕೊನೆಗೆ, ಯಂತ್ರದಲ್ಲಿ ಒಗೆಯಬೇಡಿ, ಹಿಮದ ಮೇಲೆ ಹಾಸಿ ಬಡಿಯಿರಿ.

“ಏಳು ತಲೆಮಾರು?”

“ಇಲ್ಲ.”

“ಅಯ್ಯೋ, ನಮ್ಮನ್ನ ಅನಾಥರು ಅಂದ್ಕೋತಾರೆ,” ಎಂದು ಗೊಣಗಿದಳು, ಆದರೆ ತಡೆಯಲಿಲ್ಲ. ‘ಸುಂದರ’ ಹೋಯಿತು, ‘ಬೆಚ್ಚಗಿನ’ ಹೋಯಿತು, ಬೇಸಿಗೆಯ ಹುಲ್ಲುಗಾವಲೂ ಹೋಯಿತು. ನನ್ನ ಕಣ್ಣು ಉರಿಯುತ್ತಿತ್ತು. ಹಿಮದ ಮಾತು ತೆಗೆದರೆ ಯಾರೋ ಯಂತ್ರಕ್ಕೆ ತುರುಕಿ ಹಾಳು ಮಾಡುತ್ತಾರೆ. ಆದರೂ ಎಂಟು ಅಕ್ಷರ ಹೆಚ್ಚು.

“ಇನ್ನೇನಿದೆ ತೆಗೆಯೋಕೆ?”

“ಹೆಸರು. ನಮ್ಮ ಲಿಪೀಲಿ ನಿಮ್ಮದೂ ಏಳಕ್ಷರ, ಅಕ್ಕಂದೂ ಏಳು. ಪಕ್ಕದ ಖಾಲಿ ಜಾಗ ಸೇರಿದ್ರೆ ಎಂಟು. ಒಂದು ಹೋದ್ರೆ ಸಾಕು. ಬದುಕಿರೋರ ಹೆಸರು ಇರ್ಲಿ ಅಪಾ. ಇಷ್ಟಪಟ್ಟೋರು ನಿಮ್ಮನ್ನೇ ಹುಡುಕ್ಕೊಂಡು ಬರ್ತಾರೆ.”

ಅಪಾ ಹಾಸಿನ ಒರಟು ಭಾಗದ ಮೇಲೆ ಅಂಗೈಯಾಡಿಸಿದಳು.

“ನಂದು ತೆಗಿ. ‘ಉಳಿದರ್ಧ ಅವಳ ತಂಗಿ’ ಅಂತಷ್ಟೇ ಇರ್ಲಿ.”

“ಅಪಾ...”

“ಅವಳಿಗೆ ಇನ್ನೊಂದು ಹೊಲಿಯೋಕಾಗುತ್ತೇನೇ? ನಾನು ಹೊಲಿತೀನಲ್ಲ. ಅದಕ್ಕೆ ನನ್ನ ಹೆಸರು ಹಾಕುವಿಯಂತೆ.”

ಈ ವರ್ಷವಿಡೀ ಅಪಾಳ ಸೂಜಿಗೆ ದಾರ ಪೋಣಿಸಿಕೊಟ್ಟವಳು ನಾನು. ಅವಳ ಕಣ್ಣಲ್ಲಿ ಎಷ್ಟು ಬೆಳಕು ಉಳಿದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಅಳು ಬಂತು.

“ಹೂಂ ಅಪಾ, ಮುಂದಿನದಕ್ಕೆ ಹಾಕ್ತೀನಿ,” ಎಂದು ಅವಳ ಹೆಸರನ್ನು ಅಳಿಸಿದೆ.